ಲೋಲಕದ ಸೂತ್ರ ಅಳತೆಗಳಿಂದಲೇ ಹುಟ್ಟುವ ಬಗೆ

ನಾಗರಪಂಚಮಿ ಬಂತೆಂದರೆ ಉತ್ತರ ಕರ್ನಾಟಕದ ಊರುಗಳಲ್ಲಿ ಗಟ್ಟಿ ಕೊಂಬೆಯ ಮರಗಳಿಗೆಲ್ಲ ಜೋಕಾಲಿ ಬೀಳುತ್ತದೆ. ಹಗ್ಗ ಐದು ಮೀಟರ್ ಉದ್ದವಿದ್ದರೆ, ಮೆಲ್ಲಗೆ ತೂಗುವ ಜೋಕಾಲಿ ಒಮ್ಮೆ ಹೋಗಿ ಬರಲು ಸುಮಾರು ನಾಲ್ಕೂವರೆ ಸೆಕೆಂಡು ತೆಗೆದುಕೊಳ್ಳುತ್ತದೆ. ಹತ್ತು ವರ್ಷದ ಹುಡುಗಿ ಕೂತರೂ ಅಷ್ಟೇ, ಅವಳ ಮೂರರಷ್ಟು ತೂಕದ ಸೋದರಮಾವ ಕೂತರೂ ಹೆಚ್ಚುಕಡಿಮೆ ಅಷ್ಟೇ. ಭಾರದ ಆಳು ಕೂತಾಗ ಜೋಕಾಲಿ ಜೋರಾಗಿ ಓಡಬೇಕು ಎಂದು ಕೆಲವರಿಗೆ ಅನ್ನಿಸುತ್ತದೆ, ನಿಧಾನವಾಗಬೇಕು ಎಂದು ಇನ್ನು ಕೆಲವರಿಗೆ. ಎರಡೂ ಆಗುವುದಿಲ್ಲ. ತೂಕಕ್ಕೆ ಈ ವಿಷಯದಲ್ಲಿ ಮಾತೇ ಇಲ್ಲ.

ಹೈಸ್ಕೂಲು, ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಇದರ ಸೂತ್ರ ನೆನಪಿರಬಹುದು. ದಾರಕ್ಕೆ ಕಟ್ಟಿದ ಗುಂಡು, ಅಂದರೆ ಸರಳ ಲೋಲಕ, ಒಮ್ಮೆ ಹೋಗಿ ಬರಲು ಹಿಡಿಯುವ ಕಾಲವನ್ನು T ಎಂದು ಕರೆದರೆ, T = 2π√(l/g). ಇಲ್ಲಿ l ದಾರದ ಉದ್ದ, g ಗುರುತ್ವ ವೇಗೋತ್ಕರ್ಷ. ತರಗತಿಯಲ್ಲಿ ಇದನ್ನು ಸಾಧಿಸಲು ಗುಂಡಿನ ಮೇಲಿನ ಬಲಗಳನ್ನು ಬಿಡಿಸಿ, ಕೋನದ ಸೈನ್ ಹಿಡಿದು, ಕೊನೆಗೆ ಕಲನಶಾಸ್ತ್ರದ ಬಾಗಿಲು ತಟ್ಟುತ್ತಾರೆ. ಅದಾವುದೂ ಬೇಡ. ಬಲದ ಚಿತ್ರ ಬರೆಯದೆ, ನ್ಯೂಟನ್ನನ ನಿಯಮವನ್ನು ಒಮ್ಮೆಯೂ ಹೇಳದೆ, ಕೇವಲ ಮೀಟರು, ಸೆಕೆಂಡು, ಕಿಲೋಗಳನ್ನು ನೋಡಿಯೇ √(l/g) ಎಂಬ ಭಾಗವನ್ನು ಪೂರ್ತಿ ಪಡೆಯಬಹುದು. ಇದಕ್ಕೆ ಆಯಾಮ ವಿಶ್ಲೇಷಣೆ ಎಂದು ಹೆಸರು.

ಅದರ ತಳಹದಿ ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಮೂರು ಸೇರು ಅಕ್ಕಿಗೆ ಎರಡು ಮೊಳ ಮಲ್ಲಿಗೆ ಕೂಡಿಸಿದರೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಜಾತಿ ಬೇರೆಯಾದ ಅಳತೆಗಳನ್ನು ಕೂಡಿಸಲಾಗದು, ಒಂದಕ್ಕೊಂದು ಸಮ ಎನ್ನಲೂ ಆಗದು. ಹಾಗಾಗಿ ಸಮೀಕರಣದ ಎಡಗಡೆ ಕಾಲವಿದ್ದರೆ, ಬಲಗಡೆ ಏನೇನು ಗುಣಿಸಿ ಭಾಗಿಸಿದರೂ ಕೊನೆಗೆ ಉಳಿಯುವುದು ಕಾಲವೇ ಆಗಿರಬೇಕು. ಇದರ ಜೊತೆಗೆ ಇನ್ನೊಂದು ಮಾತಿದೆ, ಕೆಲಸ ಮಾಡುವುದು ನಿಜವಾಗಿ ಅದೇ. ಮೀಟರು, ಸೆಕೆಂಡು, ಕಿಲೋ ಇವು ಮನುಷ್ಯರು ಮಾಡಿಕೊಂಡ ಒಪ್ಪಂದಗಳು. ಲೋಲಕಕ್ಕೆ ಅವುಗಳ ಪರಿಚಯವಿಲ್ಲ. ಆದ್ದರಿಂದ ನಾವು ಯಾವ ಮಾನದಲ್ಲಿ ಅಳೆದರೂ ಸೂತ್ರ ಬದಲಾಗಬಾರದು.

ಮೊದಲ ಕೆಲಸ ಪಟ್ಟಿ ಮಾಡುವುದು. ಲೋಲಕದ ಕಾಲ ಯಾವುದನ್ನು ಅವಲಂಬಿಸಿರಬಹುದು? ಗುಂಡಿನ ದ್ರವ್ಯರಾಶಿ, ಅದನ್ನು m ಎನ್ನೋಣ. ದಾರದ ಉದ್ದ l. ಗುಂಡನ್ನು ಕೆಳಗೆ ಸೆಳೆಯುವ ಗುರುತ್ವ, ಅದು g. ಎಷ್ಟು ದೂರ ಎಳೆದು ಬಿಟ್ಟೆವು ಎಂಬುದೂ ಪಟ್ಟಿಯಲ್ಲಿರಬೇಕು, ಆದರೆ ಸದ್ಯಕ್ಕೆ ತುಸುವೇ ಎಳೆದು ಬಿಡುತ್ತೇವೆ ಎಂದಿಟ್ಟುಕೊಂಡು ಅದನ್ನು ಪಕ್ಕಕ್ಕಿಡೋಣ. ಗಾಳಿಯ ಅಡ್ಡಿ ಇಲ್ಲ, ದಾರಕ್ಕೆ ತೂಕವಿಲ್ಲ, ಅದು ಹಿಗ್ಗುವುದೂ ಇಲ್ಲ. ಉಳಿದದ್ದು ಮೂರು: m, l, g. ದ್ರವ್ಯರಾಶಿಯನ್ನು ಕಿಲೋದಲ್ಲಿ, ಉದ್ದವನ್ನು ಮೀಟರಿನಲ್ಲಿ ಅಳೆಯುತ್ತೇವೆ. ಬೀಳುವ ವಸ್ತುವಿನ ವೇಗ ಒಂದೊಂದು ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತಾ ಹೋಗುತ್ತದೆ, ಅದೇ g. ಅದರ ಮಾನದಲ್ಲಿ ಮೀಟರು ಮೇಲಿದೆ, ಸೆಕೆಂಡು ಎರಡು ಸಲ ಕೆಳಗಿದೆ.

ಈಗ ಕಿಲೋವನ್ನು ಬಿಟ್ಟು ಗ್ರಾಮಿಗೆ ಬನ್ನಿ. ಅರ್ಧ ಕಿಲೋ ಗುಂಡು 500 ಗ್ರಾಂ ಆಯಿತು, m ಎಂಬಲ್ಲಿ ಬರೆಯುವ ಅಂಕಿ ಸಾವಿರ ಪಟ್ಟು ಬೆಳೆಯಿತು. ಉದ್ದದ ಅಂಕಿ ಹಾಗೇ ಇದೆ, g ಹಾಗೇ ಇದೆ, ಗಡಿಯಾರ ತೋರಿಸುವ ಸೆಕೆಂಡೂ ಹಾಗೇ ಇದೆ. m ನ ಅಂಕಿಯನ್ನು ನಮ್ಮ ಇಷ್ಟದಂತೆ ಹಿಗ್ಗಿಸಿ ಕುಗ್ಗಿಸಿದರೂ T ಅಲುಗದಿದ್ದರೆ ಅದಕ್ಕೆ ಅರ್ಥ ಒಂದೇ: T ಯ ಸೂತ್ರದಲ್ಲಿ m ಇಲ್ಲ. ಪಟ್ಟಿಯಲ್ಲಿ ಕಿಲೋ ಹೊತ್ತ ಇನ್ನೊಂದು ರಾಶಿ ಇದ್ದಿದ್ದರೆ ಅದು m ಜೊತೆ ಭಾಗವಾಗಿ ಲೆಕ್ಕ ಸರಿತೂಗಬಹುದಿತ್ತು. ಅಂಥ ಜೊತೆಗಾರ ಇಲ್ಲದ್ದರಿಂದ m ಹೊರಬಿತ್ತು. ಸೋದರಮಾವನ ತೂಕಕ್ಕೆ ಬೆಲೆ ಸಿಗದಿದ್ದುದಕ್ಕೆ ಇಷ್ಟೇ ಕಾರಣ.

ಎರಡನೆಯದು ಉದ್ದ. ಮೀಟರಿನ ಬದಲು ನಮ್ಮ ಲೋಲಕದ ದಾರವನ್ನೇ ಅಳತೆಕೋಲಾಗಿ ಇಟ್ಟುಕೊಳ್ಳೋಣ, ಯಾವ ಕೋಲಾದರೂ ನಡೆಯುತ್ತದೆ ಎಂದೆವಲ್ಲ. ಆಗ ದಾರದ ಉದ್ದ ಸರಿಯಾಗಿ 1. ಗುರುತ್ವ ಎಷ್ಟು? g ಯಲ್ಲಿರುವ ಮೀಟರುಗಳನ್ನು ದಾರದ ಲೆಕ್ಕದಲ್ಲಿ ಹೇಳಬೇಕು, ಆದ್ದರಿಂದ ಅದರ ಅಂಕಿ g/l ಆಗುತ್ತದೆ. ಗಡಿಯಾರವನ್ನು ಮುಟ್ಟಲಿಲ್ಲ, T ಅಷ್ಟೇ ಇದೆ. ಈಗ T ಯನ್ನು ನಿರ್ಧರಿಸಲು ಕೈಯಲ್ಲಿರುವ ಅಂಕಿ g/l ಒಂದೇ. ಹೀಗೆ l ಮತ್ತು g ಬೇರೆ ಬೇರೆಯಾಗಿ ಸೂತ್ರದೊಳಗೆ ಬರುವಂತಿಲ್ಲ, ಕೈಹಿಡಿದುಕೊಂಡೇ ಬರಬೇಕು. ದಾರವನ್ನು ನಾಲ್ಕು ಪಟ್ಟು ಉದ್ದ ಮಾಡುವುದೂ, ಗುರುತ್ವ ಕಾಲುಭಾಗಕ್ಕೆ ಇಳಿದ ಲೋಕಕ್ಕೆ ಅದೇ ದಾರವನ್ನು ಒಯ್ಯುವುದೂ ಲೋಲಕಕ್ಕೆ ಒಂದೇ. ಇಷ್ಟು ದೊಡ್ಡ ಮಾತು ಅಳತೆಕೋಲು ಬದಲಿಸಿದ ಮಾತ್ರಕ್ಕೆ ಸಿಕ್ಕಿಬಿಟ್ಟಿತು, ನನಗೆ ಈ ಇಡೀ ವಾದದಲ್ಲಿ ಅತ್ಯಂತ ಚೆಲುವಾಗಿ ಕಾಣುವುದು ಈ ಹೆಜ್ಜೆ.

ಕೊನೆಯದು ಕಾಲ. ಸೆಕೆಂಡು ಬಿಟ್ಟು ನಿಮಿಷದಲ್ಲಿ ಅಳೆಯೋಣ. T ಯ ಅಂಕಿ 60ರಲ್ಲಿ ಒಂದು ಪಾಲಾಗುತ್ತದೆ. g ಯಲ್ಲಿ ಸೆಕೆಂಡು ಎರಡು ಸಲ ಕೆಳಗಿದೆ, ಹಾಗಾಗಿ ಅದರ ಅಂಕಿ 60ರ 60 ಪಟ್ಟು, ಅಂದರೆ 3600 ಪಟ್ಟು ಏರಿ 35,280 ಆಗುತ್ತದೆ. l/g ಎಂಬುದು 3600ರಲ್ಲಿ ಒಂದು ಪಾಲಿಗೆ ಇಳಿದಾಗ T 60ರಲ್ಲಿ ಒಂದು ಪಾಲಿಗೆ ಇಳಿಯಬೇಕು. 60ರ ಜಾಗದಲ್ಲಿ ಯಾವ ಸಂಖ್ಯೆ ಹಾಕಿದರೂ ಸಂಬಂಧ ಇದೇ. ಈ ಬೇಡಿಕೆಯನ್ನು ಪೂರೈಸುವುದು ವರ್ಗಮೂಲ ಮಾತ್ರ:

T = C √(l/g)

C ಎಂಬುದು ಬರೀ ಸಂಖ್ಯೆ, ಅದಕ್ಕೆ ಮೀಟರೂ ಇಲ್ಲ ಸೆಕೆಂಡೂ ಇಲ್ಲ. ಪಠ್ಯಪುಸ್ತಕಗಳು ಇದನ್ನೇ ಇನ್ನೊಂದು ರೀತಿ ಮಾಡುತ್ತವೆ. T ಎಂಬುದು m, l, g ಗಳ ಯಾವುದೋ ಘಾತಗಳ ಗುಣಲಬ್ಧ ಎಂದುಕೊಂಡು, ಆ ಘಾತಗಳನ್ನು a, b, c ಎಂದು ಕರೆದು, ಎರಡೂ ಕಡೆ ಕಿಲೋ, ಮೀಟರು, ಸೆಕೆಂಡುಗಳನ್ನು ಎಣಿಸುತ್ತವೆ. ಕಿಲೋದಿಂದ a = 0, ಮೀಟರಿನಿಂದ b + c = 0, ಸೆಕೆಂಡಿನಿಂದ −2c = 1. ಉತ್ತರ b = 1/2, c = −1/2. ಪರೀಕ್ಷೆಯಲ್ಲಿ ಬರೆಯಲು ಇದು ಸುಲಭ. ಆದರೆ ಸೂತ್ರ ಘಾತಗಳ ಗುಣಲಬ್ಧವೇ ಏಕಾಗಿರಬೇಕು ಎಂದು ಜಾಣ ವಿದ್ಯಾರ್ಥಿ ಕೇಳಿದರೆ ಉತ್ತರ ಮಾನ ಬದಲಿಸುವ ವಾದದಲ್ಲಿದೆ. ಅದು ಯಾವ ಊಹೆಯೂ ಇಲ್ಲದೆ ಅಲ್ಲಿಗೇ ತಲುಪಿಸುತ್ತದೆ.

C ಎಷ್ಟು ಎಂದು ಈ ವಿಧಾನ ಹೇಳಲಾರದು. ಮಾನವಿಲ್ಲದ ಸಂಖ್ಯೆ ಯಾವ ಮಾನದಲ್ಲೂ ಬದಲಾಗುವುದಿಲ್ಲ, ಆದ್ದರಿಂದ ಮಾನ ಬದಲಿಸುವ ಆಟ ಅದನ್ನು ಹಿಡಿಯಲಾರದು. ಆದರೆ C ಎಲ್ಲ ಲೋಲಕಗಳಿಗೂ ಒಂದೇ, ಹಾಗಾಗಿ ಒಂದೇ ಒಂದು ಲೋಲಕವನ್ನು ಅಳೆದರೆ ಸಾಕು. ಬಾಗಿಲ ಚೌಕಟ್ಟಿನ ಮೊಳೆಗೆ ದಾರ ಕಟ್ಟಿ ಸಣ್ಣ ಭಾರವಾದ ಗುಂಡನ್ನು ಇಳಿಬಿಡಿ. ಮೊಳೆಯಿಂದ ಗುಂಡಿನ ನಡುಮಧ್ಯಕ್ಕೆ ಸರಿಯಾಗಿ 1 ಮೀಟರ್ ಇರಲಿ. ಒಂದು ಗೇಣಿಗಿಂತ ಕಡಿಮೆ ಎಳೆದು, ತಳ್ಳದೆ ಬಿಡಿ. ಇಪ್ಪತ್ತು ಸಲ ಹೋಗಿ ಬರಲು ನಲವತ್ತು ಸೆಕೆಂಡಿಗಿಂತ ತುಸುವೇ ಹೆಚ್ಚು ಹಿಡಿಯುತ್ತದೆ, ಅಂದರೆ ಒಂದು ಸಲಕ್ಕೆ ಸುಮಾರು 2.007 ಸೆಕೆಂಡು. 1ನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.319. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ C ಸುಮಾರು 6.28. ಅದು 2π ಎಂದು ಗುರುತಿಸಲು ಕಣ್ಣಿಗೆ ಕಷ್ಟವಿಲ್ಲ, ಏಕೆ 2π ಎಂದು ತಿಳಿಯಬೇಕಾದರೆ ಮಾತ್ರ ಚಲನೆಯ ನಿಯಮಗಳಿಗೆ ಹೋಗಲೇಬೇಕು.

ಈ ಅಳತೆಯಲ್ಲಿ ತಪ್ಪಾದರೆ C ತಾನೇ ಚಾಡಿ ಹೇಳುತ್ತದೆ. 3.14 ಬಂತೆಂದರೆ, ಗುಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದದ್ದನ್ನೇ ಪೂರ್ತಿ ಸುತ್ತು ಎಂದು ಎಣಿಸಿದ್ದೀರಿ. ದಾರ ಗಿಡ್ಡವಾದಷ್ಟೂ C ಏರುತ್ತಾ ಹೋದರೆ, ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಅದರ ಮೇಲ್ತುದಿಗೇ ನಿಲ್ಲಿಸಿದ್ದೀರಿ. ಉದ್ದ ದಾರದಲ್ಲಿ ಆ ಒಂದು ಸೆಂಟಿಮೀಟರ್ ಕಾಣುವುದಿಲ್ಲ, ಗಿಡ್ಡ ದಾರದಲ್ಲಿ ಎದ್ದು ಕಾಣುತ್ತದೆ. ಜೋಕಾಲಿಯಲ್ಲಿ ನಿಂತು ಜೀಕುವವರ ಕಾಲ ಕೂತವರಿಗಿಂತ ಕಡಿಮೆ ಇರುವುದೂ ಇದೇ ಕಾರಣಕ್ಕೆ. ನಿಂತಾಗ ದೇಹದ ಭಾರದ ನಡು ಮೇಲೇರಿ ಲೋಲಕ ಗಿಡ್ಡವಾಗುತ್ತದೆ.

ಇನ್ನು ಪಕ್ಕಕ್ಕಿಟ್ಟ ಕೋನದ ವಿಷಯ. ಕೋನವೆಂದರೆ ಗುಂಡು ಸಾಗಿದ ಕಂಸದ ಉದ್ದವನ್ನು ದಾರದ ಉದ್ದದಿಂದ ಭಾಗಿಸಿದ ಸಂಖ್ಯೆ. ಉದ್ದವನ್ನು ಉದ್ದ ಭಾಗಿಸಿದರೆ ಮಾನ ಉಳಿಯುವುದಿಲ್ಲ. ಹೀಗಾಗಿ ಕೋನ √(l/g) ಯನ್ನು ಮುಟ್ಟಲಾರದು, ಆದರೆ C ಯೊಳಗೆ ಅವಿತಿರಬಹುದು. ನಿಜವಾಗಿಯೂ ಅವಿತಿದೆ. ನೇರ ತೂಗುವ ಸ್ಥಿತಿಯಿಂದ 10 ಡಿಗ್ರಿ ಎಳೆದು ಬಿಟ್ಟರೆ C ಏರುವುದು ಸಾವಿರಕ್ಕೆ ಎರಡರಷ್ಟು, ಕೈಗಡಿಯಾರಕ್ಕೆ ಅದು ಸಿಗುವುದೇ ಇಲ್ಲ. 60 ಡಿಗ್ರಿಗೆ ಶೇಕಡಾ 7ರಷ್ಟು ಏರುತ್ತದೆ. 90 ಡಿಗ್ರಿಗೆ ಶೇಕಡಾ 18ರಷ್ಟು ಏರಿ C 7.4ರ ಹತ್ತಿರ ಬರುತ್ತದೆ. ಗೆಲಿಲಿಯೊ 1602ರಲ್ಲಿ ತನ್ನ ಹಿರಿಯ ಗೆಳೆಯ ಗ್ವಿಡೊಬಾಲ್ಡೊ ದೆಲ್ ಮಾಂಟೆಗೆ ಬರೆದ ಪತ್ರದಲ್ಲಿ, ದೊಡ್ಡ ತೂಗಾಟಕ್ಕೂ ಸಣ್ಣದಕ್ಕೂ ಹಿಡಿಯುವ ಕಾಲ ಒಂದೇ ಎಂದು ವಾದಿಸಿದ್ದ. ದಾರದ ಉದ್ದಕ್ಕೂ ಕಾಲಕ್ಕೂ ವರ್ಗಮೂಲದ ಸಂಬಂಧವಿದೆ ಎಂದು ಅವನು ಸರಿಯಾಗಿಯೇ ಕಂಡುಕೊಂಡ, ಕೋನದ ವಿಷಯದಲ್ಲಿ ಮಾತ್ರ ಅವನ ಮಾತು ನಿಲ್ಲಲಿಲ್ಲ. ಮುಂದೆ ಹೈಗೆನ್ಸ್ ಲೋಲಕದ ಗಡಿಯಾರ ಕಟ್ಟುವಾಗ ಎದುರಿಸಿದ ತೊಡಕು ಇದೇ.

ಇಡೀ ವಿಧಾನದ ಬಲವೂ ಅಪಾಯವೂ ಪಟ್ಟಿಯಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗುರುತ್ವವನ್ನು ಮರೆತು m ಮತ್ತು l ಎರಡನ್ನೇ ಬರೆದಿರಿ ಎನ್ನಿ. ಕಿಲೋ ಮತ್ತು ಮೀಟರುಗಳನ್ನು ಹೇಗೆ ಗುಣಿಸಿ ಭಾಗಿಸಿದರೂ ಸೆಕೆಂಡು ಹುಟ್ಟುವುದಿಲ್ಲ. ಏನೋ ಬಿಟ್ಟುಹೋಗಿದೆ ಎಂದು ಲೆಕ್ಕವೇ ಎಚ್ಚರಿಸುತ್ತದೆ. ಆದರೆ ಎಲ್ಲ ಮರೆವಿಗೂ ಅದು ಹೀಗೆ ಕೂಗುವುದಿಲ್ಲ. ಗುಂಡು ಕಬ್ಬಿಣದ್ದು, ಅದರ ಕೆಳಗೆ ಯಾರೋ ಅಯಸ್ಕಾಂತ ಇಟ್ಟಿದ್ದಾರೆ, ನಮಗದು ಗೊತ್ತಿಲ್ಲ ಎಂದುಕೊಳ್ಳಿ. m, l, g ಹಿಡಿದು ಹೊರಟರೆ ಲೆಕ್ಕ ತಕರಾರಿಲ್ಲದೆ ಮುಗಿಯುತ್ತದೆ, ಉತ್ತರ ತಪ್ಪಿರುತ್ತದೆ. ಅಯಸ್ಕಾಂತದ ಸೆಳೆತ ಒಂದು ಬಲ, ಬಲದ ಮಾನದಲ್ಲಿ ಕಿಲೋ ಇದೆ. ಅದು ಪಟ್ಟಿಗೆ ಬಂದ ಕೂಡಲೇ m ಗೆ ಜೊತೆಗಾರ ಸಿಗುತ್ತಾನೆ, ಗುಂಡಿನ ದ್ರವ್ಯರಾಶಿ ಮತ್ತೆ ಸೂತ್ರದೊಳಕ್ಕೆ ಬರುತ್ತದೆ. ಗುರುತ್ವದ ಸೆಳೆತವೂ ಬಲವೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅದು ದ್ರವ್ಯರಾಶಿ ಹೆಚ್ಚಿದಷ್ಟೇ ಹೆಚ್ಚುತ್ತದೆ. ಭಾರವಾದದ್ದೂ ಹಗುರವಾದದ್ದೂ ಒಂದೇ ರೀತಿ ಬೀಳುತ್ತವೆ. ಅದಕ್ಕೇ ಬಲದ ಬದಲು g ಎಂಬ ವೇಗೋತ್ಕರ್ಷವನ್ನು ಬರೆದೆವು. ಅಂದರೆ ಭೌತಶಾಸ್ತ್ರವನ್ನು ನಾವು ಪೂರ್ತಿ ಬಿಟ್ಟಿರಲಿಲ್ಲ, ಪಟ್ಟಿ ಮಾಡುವಾಗಲೇ ಅದನ್ನು ಒಳಗೆ ತಂದಿದ್ದೆವು.

ಗಾಳಿಯನ್ನು ಬಿಟ್ಟದ್ದೂ ಇಂಥದೇ ಒಂದು ತೀರ್ಮಾನ. ಗಾಳಿಯ ಸಾಂದ್ರತೆಯಲ್ಲಿ ಕಿಲೋ ಇದೆ. ಗುಂಡಿನ ಗಾತ್ರದಷ್ಟು ಗಾಳಿಯ ದ್ರವ್ಯರಾಶಿ ಗುಂಡಿನ ದ್ರವ್ಯರಾಶಿಯ ಎಷ್ಟನೇ ಪಾಲು ಎಂಬ ಮಾನವಿಲ್ಲದ ಸಂಖ್ಯೆ C ಯೊಳಗೆ ನುಸುಳುತ್ತದೆ. ಸೀಸದ ಗುಂಡಿಗೆ ಆ ಪಾಲು ಹತ್ತು ಸಾವಿರದಲ್ಲಿ ಒಂದರಷ್ಟು, ಮರೆತರೂ ನಡೆಯುತ್ತದೆ. ಥರ್ಮೋಕೋಲ್ ಉಂಡೆಗೆ ಅದು ಶೇಕಡಾ ಹಲವರಷ್ಟಾಗುತ್ತದೆ, ಅಲ್ಲಿ ಗುಂಡಿನ ದ್ರವ್ಯರಾಶಿಗೆ ಬೆಲೆಯಿಲ್ಲ ಎಂಬ ಮಾತು ಸುಳ್ಳಾಗುತ್ತದೆ.

ಪಟ್ಟಿಗೆ ಭೂಮಿಯ ತ್ರಿಜ್ಯ R ಸೇರಿಸಿದರೆ ಇನ್ನೂ ಸೋಜಿಗದ ಸಂಗತಿ ಹೊರಬೀಳುತ್ತದೆ. ದಾರ ಉದ್ದವಾದಷ್ಟೂ T ಏರುತ್ತದೆ ಎಂದು ಸೂತ್ರ ಹೇಳುತ್ತದೆ, ಹಾಗಾದರೆ ದಾರ ಅಪರಿಮಿತ ಉದ್ದವಿದ್ದರೆ ಲೋಲಕ ತಿರುಗಿ ಬರುವುದೇ ಇಲ್ಲವೇ? l ಮತ್ತು R ಎರಡೂ ಉದ್ದಗಳು, ಆದ್ದರಿಂದ l/R ಎಂಬ ಬರೀ ಸಂಖ್ಯೆ C ಯೊಳಗೆ ಕೂರಬಹುದು. ಮನೆಯ ಲೋಲಕಕ್ಕೆ ಅದು ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಆದರೆ ಗುಂಡು ನೆಲದ ಹತ್ತಿರವಿದ್ದು ದಾರ ಮಾತ್ರ ಭೂಮಿಗಿಂತ ಬಹು ಉದ್ದವಾದಾಗ, ಗುಂಡು ಸಾಗುವ ದಾರಿ ನೇರ ಗೆರೆಯಾಗುತ್ತದೆ. ಇನ್ನೂ ಉದ್ದ ಮಾಡಿದರೆ ಅದು ಮತ್ತಷ್ಟು ನೇರವಾಗಲು ಸಾಧ್ಯವಿಲ್ಲ, ಹಾಗಾಗಿ l ಗೆ ಬೆಲೆ ಹೋಗುತ್ತದೆ. ಉಳಿಯುವ ಉದ್ದ R ಮಾತ್ರ, ಕಾಲ √(R/g) ಯ ಲೆಕ್ಕದಲ್ಲೇ ಬರಬೇಕು. ಚಲನೆಯ ನಿಯಮಗಳಿಂದ ಲೆಕ್ಕ ಹಾಕಿದರೆ ಅಲ್ಲೂ ಮುಂದಿನ ಸಂಖ್ಯೆ 2π ಎಂದೇ ತಿಳಿಯುತ್ತದೆ. R 6370 ಕಿಲೋಮೀಟರ್ ಎಂದು ಹಿಡಿದರೆ ಉತ್ತರ ಸುಮಾರು 84 ನಿಮಿಷ. ನಮ್ಮ ಸರಳ ಸೂತ್ರ ಎಲ್ಲಿಯವರೆಗೆ ನಂಬಲರ್ಹ ಎಂಬುದನ್ನು ಆಯಾಮ ವಿಶ್ಲೇಷಣೆಯೇ ತೋರಿಸಿಕೊಡುವ ರೀತಿ ಇದು.

ಸೂತ್ರದಲ್ಲಿ g ಇದೆ ಎಂಬುದು ಕಾಗದದ ಮೇಲಿನ ಮಾತಾಗಿ ಉಳಿಯಲಿಲ್ಲ. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ರಿಷೆ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ. ಸಮಭಾಜಕಕ್ಕೆ ಹತ್ತಿರದ ಊರದು. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಅದನ್ನು ಸರಿಪಡಿಸಲು ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಲೋಲಕವನ್ನು ಮೂರು ಮಿಲಿಮೀಟರಿಗಿಂತ ತುಸು ಕಡಿಮೆ ಗಿಡ್ಡ ಮಾಡಬೇಕಾಯಿತು. l/g ಬದಲಾಗಬಾರದೆಂದರೆ g ಎಷ್ಟು ಪಾಲು ಇಳಿಯುತ್ತದೋ l ಕೂಡ ಅಷ್ಟೇ ಪಾಲು ಇಳಿಯಬೇಕು, ಅಂದರೆ ಕಯೆನ್‌ನಲ್ಲಿ ಗುರುತ್ವ ಸಾವಿರಕ್ಕೆ ಮೂರರಷ್ಟು ಕಡಿಮೆ. ಇಂದಿನ ಅಳತೆಗಳೂ ಪ್ಯಾರಿಸ್ಸಿಗೆ 9.81, ಕಯೆನ್‌ಗೆ 9.78 ಎಂದೇ ಹೇಳುತ್ತವೆ. ಬೆಂಗಳೂರಿನ g ಕೂಡ ಸುಮಾರು 9.78. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ ಎಂಬ ತನ್ನ ವಾದಕ್ಕೆ ನ್ಯೂಟನ್ ರಿಷೆಯ ಈ ಅಳತೆಯನ್ನು ಆಧಾರವಾಗಿ ಬಳಸಿದ.

ಸಮೀಕರಣದ ಎರಡೂ ಕಡೆ ಆಯಾಮ ಒಂದೇ ಇರಬೇಕೆಂಬ ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟವನು ಫೂರಿಯೆ, 1822ರಲ್ಲಿ, ಉಷ್ಣದ ಬಗೆಗಿನ ತನ್ನ ಗ್ರಂಥದಲ್ಲಿ. ಅದನ್ನು ಹೊಸ ಸೂತ್ರ ಹುಡುಕುವ ಸಲಕರಣೆಯಾಗಿ ಬಳಸಿ ತೋರಿಸಿದವರಲ್ಲಿ ಲಾರ್ಡ್ ರೇಲಿ ಮುಖ್ಯ.

ನೀವೇ ಇನ್ನೊಂದನ್ನು ಮಾಡಿ ನೋಡಿ. ನಯವಾದ ಮೇಜಿನ ಮೇಲೆ ಸ್ಪ್ರಿಂಗಿಗೆ ಕಟ್ಟಿದ ಒಂದು ಗಟ್ಟಿ ಹಿಂದೆ ಮುಂದೆ ಓಡುತ್ತಿದೆ. ಪಟ್ಟಿಯಲ್ಲಿ ಮೂರು: ಗಟ್ಟಿಯ ದ್ರವ್ಯರಾಶಿ m, ಸ್ಪ್ರಿಂಗಿನ ಬಿಗುಪು k, ಎಳೆದು ಬಿಟ್ಟ ದೂರ. ಬಿಗುಪು ಎಂದರೆ ಒಂದು ಮೀಟರ್ ಎಳೆಯಲು ಬೇಕಾದ ಬಲ, ಅದರ ಮಾನ ಬಿಡಿಸಿದರೆ ಕಿಲೋವನ್ನು ಎರಡು ಸಲ ಸೆಕೆಂಡಿನಿಂದ ಭಾಗಿಸಿದಂತೆ ಉಳಿಯುತ್ತದೆ, ಮೀಟರು ಕಳಚಿಹೋಗುತ್ತದೆ. ಈಗ ಮೀಟರು ಹೊತ್ತದ್ದು ಎಳೆದ ದೂರ ಮಾತ್ರ, ಅದಕ್ಕೆ ಜೊತೆಗಾರನಿಲ್ಲ, ಅದು ಹೊರಬೀಳುತ್ತದೆ. ಆದ್ದರಿಂದ ಸ್ಪ್ರಿಂಗನ್ನು ಕಡಿಮೆ ಎಳೆದರೂ ಹೆಚ್ಚು ಎಳೆದರೂ, ಅದು ತನ್ನ ಮಿತಿಯೊಳಗಿರುವ ತನಕ, ಕಾಲ ಒಂದೇ. ಲೋಲಕದಲ್ಲಿ ಎಳೆದ ದೂರಕ್ಕೆ ದಾರದ ಉದ್ದ ಜೊತೆಯಾಗಿ ಸಿಕ್ಕಿತ್ತು, ಕೋನ C ಯೊಳಗೆ ಸೇರಿಕೊಂಡದ್ದು ಹಾಗೆ. ಸ್ಪ್ರಿಂಗಿನ ಕಾಲ T = C √(m/k). ಇಲ್ಲಿ ದ್ರವ್ಯರಾಶಿ ಉಳಿದಿದೆ, ಗುರುತ್ವದ ಸುಳಿವಿಲ್ಲ. ಭೂಮಿಯನ್ನು ಸುತ್ತುವ ನೌಕೆಯೊಳಗೆ ಲೋಲಕ ತೂಗುವುದಿಲ್ಲ, ತಕ್ಕಡಿಯೂ ಕೆಲಸ ಮಾಡುವುದಿಲ್ಲ, ಸ್ಪ್ರಿಂಗು ಮಾತ್ರ ಎಂದಿನಂತೆ ಆಡುತ್ತದೆ. 1973ರಲ್ಲಿ ಸ್ಕೈಲ್ಯಾಬ್ ಗಗನಯಾತ್ರಿಗಳನ್ನು ಸ್ಪ್ರಿಂಗಿಗೆ ಜೋಡಿಸಿದ ಆಸನದಲ್ಲಿ ಕೂರಿಸಿ, ಅದು ಓಲಾಡುವ ಕಾಲವನ್ನು ಅಳೆದು ಅವರ ದ್ರವ್ಯರಾಶಿ ಕಂಡುಕೊಂಡದ್ದು ಇದೇ ಸಂಬಂಧದಿಂದ.